3000 ಸುತ್ತು ಅಂದರೆ ಎಷ್ಟು ಬಲ?

ಮಾಟುಂಗಾದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ಫ್ರೀಜ್ ಮಾಡಿ ಪುಣೆಗೆ ಕಳಿಸುತ್ತಾರೆ ಎಂದುಕೊಳ್ಳಿ. ಪರೀಕ್ಷೆ ಲೂಪಸ್ ಆ್ಯಂಟಿಕೊಆಗ್ಯುಲೆಂಟ್ ಎಂಬ ಪ್ರತಿಕಾಯದ್ದು. ಪದೇ ಪದೇ ಗರ್ಭಪಾತವಾದವರಿಗೆ ವೈದ್ಯರು ಬರೆದುಕೊಡುವಂಥದ್ದು. ರಕ್ತದ ಟ್ಯೂಬುಗಳನ್ನು ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜ್ ಪಕ್ಕದ ಚೀಟಿಯಲ್ಲಿ ‘3000 ಆರ್‌ಪಿಎಂ, 15 ನಿಮಿಷ’ ಎಂದಿದೆ. ಈ ಚೀಟಿಯನ್ನು ಇವತ್ತೇ ಕಿತ್ತು ಹಾಕಬೇಕು.

ಆರ್‌ಪಿಎಂ ಹೇಳುವುದು ಟ್ಯೂಬುಗಳನ್ನು ಹೊತ್ತು ತಿರುಗುವ ರೋಟರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಎಂದಷ್ಟೇ. ರಕ್ತಕಣವನ್ನು ಟ್ಯೂಬಿನ ತಳಕ್ಕೆ ಒತ್ತುವ ಬಲಕ್ಕೆ ತ್ರಿಜ್ಯವೂ ಬೇಕು. ಜಾತ್ರೆಯ ತಿರುಗುಕುದುರೆಗಳಲ್ಲಿ ಹೊರಸಾಲಿನ ಮಗುವಿಗೆ ಒಳಸಾಲಿನ ಮಗುವಿಗಿಂತ ಹೆಚ್ಚು ಸೆಳೆತ ತಾಗುತ್ತದಲ್ಲ, ಸುತ್ತುಗಳ ಲೆಕ್ಕ ಇಬ್ಬರಿಗೂ ಒಂದೇ ಆದರೂ? ಆ ಬಲವನ್ನು ಭೂಮಿಯ ಗುರುತ್ವದ ಎಷ್ಟು ಪಟ್ಟು ಎಂದು ಹೇಳುವುದೇ ಆರ್‌ಸಿಎಫ್, ಅದನ್ನು g ಎಂದು ಬರೆಯುತ್ತಾರೆ:

```
RCF = 1.118 × 10⁻⁵ × r × (RPM)²
```

ಇಲ್ಲಿ r ಸೆಂಟಿಮೀಟರ್‌ನಲ್ಲಿರಬೇಕು. ಸುತ್ತುಗಳ ಸಂಖ್ಯೆಗೆ ವರ್ಗ ಇರುವುದರಿಂದ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ.

ಲೆಕ್ಕ ಹಾಕೋಣ. ದೊಡ್ಡ ಯಂತ್ರದ ತ್ರಿಜ್ಯ 17 ಸೆಂ.ಮೀ. ಇದ್ದರೆ 3000 ಸುತ್ತಿಗೆ ಸುಮಾರು 1710 g ಸಿಗುತ್ತದೆ. ಮೇಜಿನ ಮೇಲಿನ ಸಣ್ಣ ಯಂತ್ರದ್ದು 10 ಸೆಂ.ಮೀ. ಆದರೆ ಅದೇ 3000 ಸುತ್ತಿಗೆ ಸುಮಾರು 1006 g ಮಾತ್ರ. ಪ್ರೋಟೋಕಾಲ್ ಕೇಳುವುದು 1500 g. ಅದನ್ನು ಮುಟ್ಟಲು ದೊಡ್ಡ ಯಂತ್ರಕ್ಕೆ ಸುಮಾರು 2810 ಸುತ್ತು ಸಾಕು, ಸಣ್ಣದಕ್ಕೆ ಸುಮಾರು 3660 ಬೇಕು.

ಬಲ ಕಡಿಮೆಯಾದರೆ ಕೆಂಪುಕಣಗಳು ಹೇಗೂ ಇಳಿಯುತ್ತವೆ, ಪ್ಲಾಸ್ಮಾ ನೋಡಲು ತಿಳಿಯಾಗಿಯೇ ಇರುತ್ತದೆ. ಮೋಸ ಇರುವುದು ಇಲ್ಲೇ. ಹಗುರವಾದ ಪ್ಲೇಟ್‌ಲೆಟ್‌ಗಳು ತೇಲುತ್ತ ಉಳಿಯುತ್ತವೆ. ಪ್ಲಾಸ್ಮಾ ಫ್ರೀಜ್ ಆಗಿ ಕರಗುವಾಗ ಅವು ಒಡೆದು ಫಾಸ್ಫೋಲಿಪಿಡ್ ಎಂಬ ಕೊಬ್ಬಿನಂಶ ಹೊರಬಿಡುತ್ತವೆ. ಪರೀಕ್ಷೆ ಹುಡುಕುತ್ತಿರುವ ಪ್ರತಿಕಾಯ ಅದಕ್ಕೇ ಅಂಟಿಕೊಂಡು ಮರೆಯಾಗುತ್ತದೆ. ರೋಗಿಗೆ ‘ನೆಗೆಟಿವ್’ ವರದಿ ಬರಬಹುದು. ಹಾಗಾಗಿಯೇ ಈ ಪರೀಕ್ಷೆಗೆ ಪ್ಲಾಸ್ಮಾವನ್ನು ಹೊಸ ಟ್ಯೂಬಿಗೆ ಹಾಕಿ ಎರಡನೇ ಸಲವೂ ತಿರುಗಿಸುತ್ತಾರೆ. ಬಲವೇ ಸಾಲದಿದ್ದರೆ ಎರಡನೇ ಸಲವನ್ನೂ ನೆಚ್ಚಿಕೊಳ್ಳುವಂತಿಲ್ಲ.

ತ್ರಿಜ್ಯ ಅಳೆಯುವುದರಲ್ಲೂ ತಪ್ಪುತ್ತಾರೆ. ತೂಗಾಡುವ ಬಕೆಟ್‌ಗಳ ರೋಟರ್‌ನಲ್ಲಿ, ಬಕೆಟ್ ಅಡ್ಡಕ್ಕೆ ಚಾಚಿದಾಗ ಅಕ್ಷದ ಮಧ್ಯದಿಂದ ಟ್ಯೂಬಿನ ತಳದವರೆಗಿನ ದೂರವೇ ಗರಿಷ್ಠ ತ್ರಿಜ್ಯ. ಬಕೆಟ್ ಕೆಳಗೆ ಜೋತುಬಿದ್ದಾಗ ಅಳೆದರೆ ಅದು ಕಡಿಮೆ ಬರುತ್ತದೆ. ಪೂರ್ತಿ ವ್ಯಾಸವನ್ನೇ ಸೂತ್ರಕ್ಕೆ ಹಾಕಿ ಸುತ್ತು ಲೆಕ್ಕ ಹಾಕಿದರೆ ಬೇಕಾದ ಬಲದ ಅರ್ಧ ಮಾತ್ರ ಸಿಗುತ್ತದೆ. ಮೇಲಾಗಿ ಟ್ಯೂಬಿನ ಉದ್ದಕ್ಕೂ ಬಲ ಒಂದೇ ಅಲ್ಲ: ತಳದಲ್ಲಿ, ಅಂದರೆ 17 ಸೆಂ.ಮೀ.ನಲ್ಲಿ 1500 g ಇದ್ದರೆ, 9 ಸೆಂ.ಮೀ.ನಲ್ಲಿರುವ ರಕ್ತದ ಮೇಲ್ಮೈಗೆ ಸುಮಾರು 794 g. ಪ್ರೋಟೋಕಾಲ್ ಹೇಳುವುದು ಗರಿಷ್ಠ ತ್ರಿಜ್ಯವನ್ನೋ ಸರಾಸರಿಯನ್ನೋ ಎಂದು ಮೊದಲೇ ನೋಡಿಕೊಳ್ಳಬೇಕು.

ಈಗಿನ ಯಂತ್ರಗಳು g ಅನ್ನು ಪರದೆಯ ಮೇಲೇ ತೋರಿಸುತ್ತವೆ. ಆದರೆ ಅನೇಕ ಯಂತ್ರಗಳಲ್ಲಿ ರೋಟರ್ ಬದಲಿಸಿದಾಗ ಅದರ ಕೋಡ್ ನಾವೇ ಬದಲಿಸಬೇಕು, ಇಲ್ಲದಿದ್ದರೆ ಪರದೆಯ ಅಂಕಿ ಹಳೆಯ ರೋಟರ್‌ನದೇ ಆಗಿರುತ್ತದೆ. ಅನುಮಾನವಿದ್ದರೆ ತಿರುಗಿಸಿದ ಪ್ಲಾಸ್ಮಾವನ್ನು ಫ್ರೀಜ್ ಮಾಡುವ ಮೊದಲೇ ಸೆಲ್ ಕೌಂಟರ್‌ಗೆ ಹಾಕಿ: ಮೈಕ್ರೋಲೀಟರ್‌ಗೆ 10,000ಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಇದ್ದರಷ್ಟೇ ಅದನ್ನು ಪುಣೆಗೆ ಕಳಿಸಬಹುದು.