ಬೆತ್ತ ಗುರಾಣಿಗೆ ತಾಗುವ ಫ್ರೇಮು

ಪುತ್ತರಿ ಕೋಲಾಟ ಮುಗಿದ ಮಾರನೇ ದಿನದಿಂದಲೇ ಕೊಡಗಿನ ಹುಡುಗರ ಫೋನುಗಳಲ್ಲಿ ಬೆತ್ತ ಗುರಾಣಿ ಹಿಡಿದು ಆಡುವ ಪರಿಯಕಳಿಯ ರೀಲ್ಸ್ ಹರಿದಾಡತೊಡಗುತ್ತವೆ. ಕುಪ್ಯಚೇಲೆ ತೊಟ್ಟವನು ಬೆತ್ತ ಎತ್ತಿ ಸರ್ರನೆ ಮುನ್ನುಗ್ಗುತ್ತಾನೆ, ಹೊಡೆತ ಇನ್ನೇನು ಬೀಳಬೇಕು ಅನ್ನುವಾಗ ನಿಧಾನವಾಗುತ್ತಾನೆ, ಬೆತ್ತ ಗುರಾಣಿಗೆ ತಾಗಿದ ಗಳಿಗೆಗೆ ಹಾಡಿನ ಬೀಟ್ ಬಿದ್ದು ಚಿತ್ರ ನಿಂತುಬಿಡುತ್ತದೆ. ಮೊದಲಿನದು ಸ್ಪೀಡ್ ರ್‍ಯಾಂಪ್, ಕೊನೆಯದು ಫ್ರೀಜ್ ಫ್ರೇಮ್. ಎರಡೂ ಫೋನಿಗಿಂತ ಬಹಳ ಹಳೆಯವು.

ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುವುತ್ತಿದ್ದರು. ತಿರುವುವುದು ನಿಧಾನವಾದರೆ ಪರದೆಯ ಮೇಲೆ ಓಟ ಜೋರು, ಜೋರಾಗಿ ತಿರುವಿದರೆ ಪರದೆಯಲ್ಲಿ ನಿಧಾನ. ವೇಗ ಅಂದರೆ ಕ್ಯಾಮೆರಾದವನ ಮಣಿಕಟ್ಟು. ಟಾಕಿ ಬಂದ ಮೇಲೆ ಧ್ವನಿ ಕೆಡಬಾರದೆಂದು ವೇಗ ಸೆಕೆಂಡಿಗೆ 24 ಫ್ರೇಮಿಗೆ ಗಟ್ಟಿಯಾಯಿತು. ಒಂದೇ ಶಾಟಿನ ನಡುವೆ ವೇಗ ಬದಲಿಸುವುದಕ್ಕೆ ಇನ್ನೊಂದು ತೊಡಕಿತ್ತು: ಕ್ಯಾಮೆರಾ ನಿಧಾನವಾದಂತೆ ಪ್ರತಿ ಫ್ರೇಮಿಗೂ ಹೆಚ್ಚು ಬೆಳಕು ಬಿದ್ದು ಚಿತ್ರ ಬೆಳ್ಳಗಾಗುತ್ತಿತ್ತು. ವೇಗದ ಜೊತೆಗೆ ಬೆಳಕನ್ನೂ ತಾನೇ ಸರಿದೂಗಿಸುವ ಕ್ಯಾಮೆರಾಗಳು 1990ರ ದಶಕದಲ್ಲಿ ಬಳಕೆಗೆ ಬಂದವು.

ಚಿತ್ರವನ್ನು ನಿಲ್ಲಿಸುವ ಕೆಲಸ ಮಾತ್ರ ಲ್ಯಾಬಿನದು. ಆಪ್ಟಿಕಲ್ ಪ್ರಿಂಟರಿನಲ್ಲಿ ಒಂದೇ ಫ್ರೇಮನ್ನು ಮತ್ತೆ ಮತ್ತೆ ಹೊಸ ಫಿಲ್ಮಿಗೆ ಇಳಿಸುತ್ತಿದ್ದರು. 1959ರಲ್ಲಿ ಫ್ರಾನ್ಸಿನ ಟ್ರೂಫೋ ತನ್ನ ಮೊದಲ ಪೂರ್ಣ ಚಿತ್ರವನ್ನು ಸಮುದ್ರದಂಚಿಗೆ ಓಡಿ ಬಂದ ಹುಡುಗನ ಮುಖದ ಮೇಲೆ ಹೀಗೆಯೇ ನಿಲ್ಲಿಸಿದ. ಆಮೇಲೆ ಕಂಪ್ಯೂಟರ್ ಎಡಿಟಿಂಗ್ ಬಂತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ, ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ಇಲ್ಲಿ 15 ಸೆಕೆಂಡಿನ ರೀಲ್ಸ್ ತಂದಾಗ, ಈ ವಿದ್ಯೆ ತೋಟದ ಲೈನ್‌ಮನೆಯ ಫೋನಿಗೂ ಸಿಕ್ಕಿತು.

ಒಂದು ಹೊಡೆತವನ್ನು ಲೆಕ್ಕ ಹಾಕಿ ನೋಡೋಣ. ಹಾಡು ನಿಮಿಷಕ್ಕೆ 100 ಬೀಟಿನದು ಅಂದುಕೊಳ್ಳಿ. ಒಂದು ಬೀಟಿಗೆ 0.6 ಸೆಕೆಂಡ್, ಸೆಕೆಂಡಿಗೆ 30 ಫ್ರೇಮಿನ ರೀಲಿನಲ್ಲಿ ಸರಿಯಾಗಿ 18 ಫ್ರೇಮು. ಬೆತ್ತ ಎತ್ತಿದಲ್ಲಿಂದ ಗುರಾಣಿಗೆ ತಾಗುವ ತನಕ ನಿಜದಲ್ಲಿ 1.2 ಸೆಕೆಂಡ್ ಹಿಡಿದಿದೆ. ಮೊದಲ ಬೀಟನ್ನು 150 ಶೇಕಡಾ ವೇಗದಲ್ಲಿ ಓಡಿಸಿದರೆ ಅದು ಮೂಲದ 0.9 ಸೆಕೆಂಡನ್ನು ತಿನ್ನುತ್ತದೆ. ಉಳಿದ 0.3 ಸೆಕೆಂಡನ್ನು 50 ಶೇಕಡಾದಲ್ಲಿ ಎಳೆದರೆ ಇನ್ನೊಂದು ಬೀಟ್ ತುಂಬುತ್ತದೆ. ಹೊಡೆತ ತಾನಾಗಿ ಮುಂದಿನ ಬೀಟಿನ ಮೇಲೆ ಬಂದು ಕೂರುತ್ತದೆ. ಅಲ್ಲಿ 9 ಫ್ರೇಮು, ಅಂದರೆ ಅರ್ಧ ಬೀಟ್, ನಿಲ್ಲಿಸಿದರೆ ಸಾಕು. ತಾಗುವ ಫ್ರೇಮಿನಲ್ಲಿ ಬೆತ್ತ ಮಸುಕಾಗಿದ್ದರೆ ಅದರ ಪಕ್ಕದ, ಬೆತ್ತ ಬಾಗಿ ನಿಂತ ಫ್ರೇಮನ್ನು ಆರಿಸಿ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ವೇಗ ತಟ್ಟನೆ ಬದಲಾದರೆ ಜರ್ಕ್ ಅನ್ನಿಸುತ್ತದೆಂದು ವೇಗದ ಗ್ರಾಫಿನ ನಡುವಿನ ಮೂಲೆಯನ್ನು ಕರ್ವ್ ಮಾಡುತ್ತಾರೆ. ಆ ಕರ್ವ್ ಎರಡೂ ಕಡೆ ಸಮನಾಗಿಲ್ಲದಿದ್ದರೆ ತಿಂದ ಸೆಕೆಂಡುಗಳ ಲೆಕ್ಕ ತಪ್ಪಿ ಹೊಡೆತ ಬೀಟಿನಿಂದ ಜಾರುತ್ತದೆ, ಅದರ ಮುಂದಿನ ಕ್ಲಿಪ್‌ಗಳೂ ಜಾರುತ್ತವೆ. ಹಾಗಾಗಿ ಕರ್ವ್ ಮೊದಲು, ಫ್ರೀಜ್ ಕೊನೆಗೆ.

ಶೂಟಿಂಗಿನಲ್ಲಿ ಕೊಡದ ಫ್ರೇಮನ್ನು ಎಡಿಟಿಂಗ್ ಹುಟ್ಟಿಸಲಾರದು. 50 ಶೇಕಡಾಕ್ಕೆ ಇಳಿಸಬೇಕಿದ್ದರೆ 60 ಫ್ರೇಮಿನಲ್ಲಿ ತೆಗೆದಿರಬೇಕು. 30ರಲ್ಲಿ ತೆಗೆದು ಎಳೆದರೆ ಒಂದೊಂದು ಫ್ರೇಮೂ ಎರಡು ಸಲ ಬಂದು ಚಿತ್ರ ತಡವರಿಸುತ್ತದೆ. ಆ್ಯಪ್ ನಡುವಿನ ಫ್ರೇಮನ್ನು ಊಹಿಸಿ ಕೂರಿಸಿದರೆ ತೆಳ್ಳನೆಯ ಬೆತ್ತ ಎರಡಾಗುತ್ತದೆ, ಕಾಲಿನ ಪಕ್ಕದ ಹುಲ್ಲು ಕರಗಿದಂತೆ ಅಲುಗುತ್ತದೆ. ಗುರುತು ಹಿಡಿಯಲು ಅದೇ ಸಾಕು. ಆದರೆ ಫ್ರೇಮು ಹೆಚ್ಚಿಸಿದಷ್ಟೂ ಒಂದೊಂದಕ್ಕೆ ಸಿಗುವ ಬೆಳಕು ಕಡಿಮೆ. ಮರದ ನೆರಳಿನ ಮಂದ್‌ನಲ್ಲಿ, ಅಂದರೆ ಊರಿನ ಆಟದ ಬಯಲಿನಲ್ಲಿ, ಸಂಜೆ ನಾಲ್ಕರ ಮೇಲೆ 120 ಇಟ್ಟರೆ ಕಪ್ಪು ಕುಪ್ಯದ ಮೇಲೆ ಬರೀ ಕಾಳು ಕಾಳು. ನಾನು 60ರಲ್ಲೇ ನಿಲ್ಲುತ್ತೇನೆ.

ನನ್ನ ಮನಸ್ಸಿಗೆ ಹತ್ತಿರದ ವಿಷಯ ಬೇರೆ. ಈಚೆಗೆ ಎಷ್ಟೋ ರೀಲುಗಳಲ್ಲಿ ವಾಲಗದ ಸದ್ದನ್ನೇ ತೆಗೆದು ಸಿನಿಮಾ ಹಾಡು ಹಾಕುತ್ತಾರೆ, ಅದರ ಬೀಟ್ ಗಡಿಯಾರದಂತೆ ಬೀಳುತ್ತದೆ, ಕೆಲಸ ಸುಲಭ ಎಂದು. ಕೊಂಬಿನ ಜೊತೆ ಕೊಟ್ಟು ಎಂಬ ಚರ್ಮವಾದ್ಯ ಬಡಿಯುವ ವಾಲಗ ಹಾಗಲ್ಲ. ಆಟದ ಬಿಸಿ ಏರಿದಂತೆ ಅದೂ ಏರುತ್ತದೆ. ಆ್ಯಪ್ ತಾನಾಗಿ ಗುರುತಿಸುವ ಬೀಟ್ ಅಲ್ಲಿ ಅರ್ಧ ನಿಮಿಷದೊಳಗೆ ದಾರಿ ತಪ್ಪುತ್ತದೆ. ವಾಲಗವನ್ನು ಉಳಿಸಿಕೊಳ್ಳಬೇಕಾದರೆ ಒಂದೊಂದು ಪೆಟ್ಟಿಗೂ ಕೈಯಿಂದಲೇ ಮಾರ್ಕರ್ ಹಾಕಬೇಕು. ನಾನು ಮೊದಲ ಸಲ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ತಟ್ಟಿದ್ದೆ. ದನಿ ತಡವಾಗಿ ಕಿವಿಗೆ ಬಂದು ಎಲ್ಲ ಮಾರ್ಕರೂ ನಾಲ್ಕೈದು ಫ್ರೇಮು ಹಿಂದೆ ಬಿದ್ದಿದ್ದವು. ಈಗ ಕಿವಿಯನ್ನು ಪೂರ್ತಿ ನಂಬುವುದಿಲ್ಲ. ಧ್ವನಿಯ ಅಲೆಯನ್ನು ದೊಡ್ಡದು ಮಾಡಿ, ಚರ್ಮದ ಪೆಟ್ಟು ಚೂಪಾಗಿ ಎದ್ದ ಜಾಗಕ್ಕೆ ಮಾರ್ಕರ್ ಇಡುತ್ತೇನೆ, ನಲವತ್ತು ಪೆಟ್ಟಿದ್ದರೆ ನಲವತ್ತು ಸಲ.