ಅಂಕ ಏರಿತು, ಚಿತ್ರ ಸುಧಾರಿಸಲಿಲ್ಲ: ವಿಮ್ಯಾಫ್‌ಗೆ ಲಗಾಮು ಹಾಕಬೇಕಾಗಿ ಬಂದದ್ದು ಯಾಕೆ

ಒಂದೇ ವಿಡಿಯೋವನ್ನು ಎರಡು ಎನ್‌ಕೋಡರ್‌ಗಳಿಗೆ, ಅಂದರೆ ವಿಡಿಯೋ ಕುಗ್ಗಿಸುವ ತಂತ್ರಾಂಶಗಳಿಗೆ ಕೊಟ್ಟಿದ್ದೀರಿ ಅಂದುಕೊಳ್ಳಿ. ಎರಡೂ ಫೈಲ್‌ಗಳ ಗಾತ್ರ ಒಂದೇ. ಕುಗ್ಗಿಸಿದ ಚಿತ್ರ ಎಷ್ಟು ಚೆನ್ನಾಗಿದೆ ಅಂತ ಅಂಕ ಕೊಡುವ ಎರಡು ಅಳತೆಗಳಿಂದ ಅವನ್ನು ಅಳೆದಿರಿ. ವಿಮ್ಯಾಫ್ ಪ್ರಕಾರ ಮೊದಲನೆಯದು ಚೆನ್ನಾಗಿದೆ, ಎಸ್‌ಎಸ್‌ಐಎಂ ಪ್ರಕಾರ ಎರಡನೆಯದು. ಯಾವುದನ್ನು ನಂಬಬೇಕು? ಇದಕ್ಕೆ ಉತ್ತರ ಬೇಕಾದರೆ ಈ ಅಂಕಗಳು ಹೇಗೆ ಹುಟ್ಟಿದವು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಮೊದಲು ಎಲ್ಲರೂ ಬಳಸುತ್ತಿದ್ದದ್ದು ಪಿಎಸ್‌ಎನ್‌ಆರ್. ಅದರ ಲೆಕ್ಕ ಸರಳ. ಮೂಲ ಫ್ರೇಮಿನ ಒಂದೊಂದು ಪಿಕ್ಸೆಲ್‌ಗೂ ಕುಗ್ಗಿಸಿದ ಫ್ರೇಮಿನ ಅದೇ ಪಿಕ್ಸೆಲ್‌ಗೂ ಇರುವ ವ್ಯತ್ಯಾಸದ ವರ್ಗ ತೆಗೆದು, ಅದರ ಸರಾಸರಿಯನ್ನು ಡೆಸಿಬೆಲ್‌ಗೆ ಬದಲಿಸುವುದು. ತೊಂದರೆ ಏನೆಂದರೆ, ತಪ್ಪು ಎಷ್ಟಿದೆ ಅಂತ ಅದು ಹೇಳುತ್ತದೆ, ಯಾವ ಬಗೆಯ ತಪ್ಪು ಅಂತ ಹೇಳುವುದಿಲ್ಲ. 8 ಬಿಟ್ ಚಿತ್ರದ ಎಲ್ಲ ಪಿಕ್ಸೆಲ್‌ಗಳನ್ನೂ 10ರಷ್ಟು ಬೆಳಗಿಸಿ. ಪಿಎಸ್‌ಎನ್‌ಆರ್ 28.1 ಬರುತ್ತದೆ. ಈಗ ಬೆಳಕನ್ನು ಮುಟ್ಟದೆ, ಅದೇ ಚಿತ್ರಕ್ಕೆ ಸರಾಸರಿ ಅಷ್ಟೇ ತಪ್ಪು ಬರುವಂತೆ ನಾಯ್ಸ್ ಬೆರೆಸಿ. ಆಗಲೂ 28.1. ಮೊದಲನೆಯದರಲ್ಲಿ ಕಣ್ಣಿಗೆ ಹೆಚ್ಚೇನೂ ಕೆಟ್ಟದ್ದು ಕಾಣುವುದಿಲ್ಲ. ಎರಡನೆಯದರಲ್ಲಿ ಮುಖ, ಗೋಡೆ ಎಲ್ಲವೂ ಮರಳು ಎರಚಿದ ಹಾಗೆ ಕಾಣುತ್ತವೆ.

2004ರಲ್ಲಿ ಝೌ ವಾಂಗ್, ಅಲನ್ ಬೋವಿಕ್, ಹಮೀದ್ ಶೇಖ್ ಮತ್ತು ಈರೋ ಸಿಮೊನ್ಸೆಲ್ಲಿ ಪ್ರಕಟಿಸಿದ ಎಸ್‌ಎಸ್‌ಐಎಂ ಈ ಕೊರತೆಯನ್ನೇ ಹಿಡಿಯಿತು. ಅದು ಚಿತ್ರವನ್ನು ಸಣ್ಣ ಸಣ್ಣ ಕಿಟಕಿಗಳಲ್ಲಿ ನೋಡುತ್ತದೆ. ಪ್ರತಿ ಕಿಟಕಿಯಲ್ಲೂ ಮೂರು ವಿಷಯ ಹೋಲಿಸುತ್ತದೆ: ಸರಾಸರಿ ಬೆಳಕು, ಕಾಂಟ್ರಾಸ್ಟ್, ಮತ್ತು ಏರಿಳಿತದ ವಿನ್ಯಾಸ. ಮೂರನ್ನೂ ಗುಣಿಸಿದರೆ ಅಂಕ ಸಿಗುತ್ತದೆ. ಎರಡೂ ಒಂದೇ ಆಗಿದ್ದರೆ 1.

ಮೇಲಿನ ಉದಾಹರಣೆಯನ್ನೇ ಇದಕ್ಕೆ ಹಾಕಿ ನೋಡೋಣ. ಸರಾಸರಿ ಬೆಳಕು 100, ಏರಿಳಿತ ಸುಮಾರು 10 ಇರುವ ಒಂದು ಕಿಟಕಿ ತೆಗೆದುಕೊಳ್ಳಿ. ಸುಮ್ನೆ 10ರಷ್ಟು ಬೆಳಗಿಸಿದರೆ ಬೆಳಕಿನ ಭಾಗ ಮಾತ್ರ ತುಸು ಇಳಿದು ಎಸ್‌ಎಸ್‌ಐಎಂ 0.995 ಬರುತ್ತದೆ. ಅದೇ ಕಿಟಕಿಗೆ 10ರಷ್ಟು ನಾಯ್ಸ್ ಸೇರಿಸಿದರೆ ವಿನ್ಯಾಸವೇ ಕದಡಿ 0.72ಕ್ಕೆ ಬೀಳುತ್ತದೆ. ಪಿಎಸ್‌ಎನ್‌ಆರ್‌ಗೆ ಒಂದೇ ಆಗಿ ಕಂಡದ್ದು ಇಲ್ಲಿ ಬೇರೆ ಬೇರೆಯಾಯಿತು. ಇಷ್ಟು ಚಿಕ್ಕ ಸೂತ್ರ ಇಷ್ಟು ಕೆಲಸ ಮಾಡಿದ್ದು ನನಗೆ ಈಗಲೂ ಬೆರಗು. 2015ರಲ್ಲಿ ಈ ನಾಲ್ವರಿಗೂ ಎಮ್ಮಿ ಪ್ರಶಸ್ತಿ ಬಂತು.

ಆದರೆ ಎಸ್‌ಎಸ್‌ಐಎಂ ಹುಟ್ಟಿದ್ದು ಫೋಟೋಗಳಿಗಾಗಿ. ಚಲನೆ ಅದಕ್ಕೆ ಗೊತ್ತಿಲ್ಲ. ಇನ್ನೊಂದು ತೊಡಕು, ಅದರ ಅಂಕಗಳೆಲ್ಲ ಮೇಲ್ತುದಿಯಲ್ಲೇ ಒತ್ತೊತ್ತಾಗಿ ಬರುತ್ತವೆ. 0.97 ಮತ್ತು 0.98ರ ನಡುವಿನ ಅಂತರ ನೋಡುವವರಿಗೆ ಎಷ್ಟು ದೊಡ್ಡದು ಅಂತ ಆ ಅಂಕ ಹೇಳುವುದಿಲ್ಲ. ಕಾರ್ಟೂನಿಗೆ ಬಂದ 0.97 ಮತ್ತು ಕ್ರಿಕೆಟ್ ಪಂದ್ಯಕ್ಕೆ ಬಂದ 0.97 ಒಂದೇ ಮಟ್ಟದವು ಅಂತಲೂ ಹೇಳಲಾಗದು.

ಸಾವಿರಾರು ಸಿನಿಮಾ, ಧಾರಾವಾಹಿಗಳನ್ನು ಎನ್‌ಕೋಡ್ ಮಾಡುತ್ತಿದ್ದ ನೆಟ್‌ಫ್ಲಿಕ್ಸ್‌ಗೆ ಬೇಕಿದ್ದದ್ದು ಈ ಹೋಲಿಕೆಯೇ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇ ಕುವೊ ಅವರ ತಂಡದ ಜೊತೆ ಸೇರಿ ಕೆಲಸ ಶುರು ಮಾಡಿ, 2016ರ ಜೂನ್‌ನಲ್ಲಿ ವಿಮ್ಯಾಫ್ ಅನ್ನು ಎಲ್ಲರ ಮುಂದಿಟ್ಟರು. ಅವರು ಹೊಸ ಸೂತ್ರ ಹುಡುಕಲಿಲ್ಲ. ಆರು ಸೆಕೆಂಡಿನ 34 ತುಣುಕುಗಳನ್ನು ತೆಗೆದುಕೊಂಡು, ಬೇರೆ ಬೇರೆ ರೆಸಲ್ಯೂಷನ್ ಮತ್ತು ಬಿಟ್‌ರೇಟ್‌ಗಳಲ್ಲಿ ಕುಗ್ಗಿಸಿ, ಸಾಮಾನ್ಯ ಜನರನ್ನು ಟಿವಿ ಮುಂದೆ ಕೂರಿಸಿ ಅಂಕ ಹಾಕಿಸಿದರು. ಆಮೇಲೆ ಮೊದಲೇ ಇದ್ದ ಅಳತೆಗಳನ್ನು ತೆಗೆದುಕೊಂಡರು. ಒಂದು, ಮೂಲದ ಮಾಹಿತಿ ಎಷ್ಟು ಉಳಿದಿದೆ ಅನ್ನುವ ವಿಐಎಫ್. ಇನ್ನೊಂದು, ಸೂಕ್ಷ್ಮ ವಿವರ ಎಷ್ಟು ಹೋಗಿದೆ ಅನ್ನುವ ಅಳತೆ. ಜೊತೆಗೆ, ಒಂದು ಫ್ರೇಮಿನಿಂದ ಮುಂದಿನದಕ್ಕೆ ಚಿತ್ರ ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ. ಇವುಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಿದರೆ ಜನ ಹಾಕಿದ ಅಂಕಕ್ಕೆ ಹತ್ತಿರ ಬರುತ್ತದೆ ಅಂತ ಕಂಪ್ಯೂಟರಿಗೆ ಕಲಿಸಿದರು. ಅಂಕ 0ಯಿಂದ 100. ಮೂಲ ಮಾದರಿ 1080ಪಿ ಟಿವಿಯನ್ನು ಅದರ ಎತ್ತರದ ಮೂರು ಪಟ್ಟು ದೂರದಿಂದ ನೋಡುವವರಿಗಾಗಿ ಮಾಡಿದ್ದು. ಫೋನಿಗೂ 4ಕೆ ಟಿವಿಗೂ ಬೇರೆ ಮಾದರಿಗಳು ಆಮೇಲೆ ಬಂದವು.

ಕೆಲವೇ ವರ್ಷಗಳಲ್ಲಿ ಎನ್‌ಕೋಡರ್ ಮಾಡುವವರೆಲ್ಲ ವಿಮ್ಯಾಫ್ ಅಂಕ ಹಿಡಿದೇ ಮಾತಾಡತೊಡಗಿದರು. ಸಮಸ್ಯೆ ಶುರುವಾಗಿದ್ದೂ ಅಲ್ಲಿಂದಲೇ.

ವಿಮ್ಯಾಫ್ ಒಳಗಿರುವ ವಿಐಎಫ್ ಲೆಕ್ಕದಲ್ಲಿ ಒಂದು ವಿಶೇಷವಿದೆ. ಕುಗ್ಗಿಸಿದ ಚಿತ್ರದ ಕಾಂಟ್ರಾಸ್ಟ್ ಮೂಲಕ್ಕಿಂತ ಜಾಸ್ತಿ ಇದ್ದರೆ ಅದನ್ನು ತಪ್ಪು ಅಂತ ಎಣಿಸದೆ ಲಾಭ ಅಂತ ಎಣಿಸುತ್ತದೆ. ಎಸ್‌ಎಸ್‌ಐಎಂ ಹಾಗಲ್ಲ. ಅದಕ್ಕೆ ಕಾಂಟ್ರಾಸ್ಟ್ ಕಡಿಮೆಯಾದರೂ ತಪ್ಪೇ, ಹೆಚ್ಚಾದರೂ ತಪ್ಪೇ. ಹಾಗಾಗಿ ಎನ್‌ಕೋಡ್ ಮಾಡುವ ಮೊದಲು ವಿಡಿಯೋವನ್ನು ಸ್ವಲ್ಪ ಶಾರ್ಪ್ ಮಾಡಿಬಿಟ್ಟರೆ ವಿಮ್ಯಾಫ್ ಏರುತ್ತದೆ, ಎಸ್‌ಎಸ್‌ಐಎಂ ಇಳಿಯುತ್ತದೆ. ಎನ್‌ಕೋಡರ್ ಮಾತ್ರ ಮೊದಲಿಗಿಂತ ಒಂದಿಷ್ಟೂ ಜಾಣವಾಗಿರುವುದಿಲ್ಲ. 2019ರಲ್ಲಿ ಮಾಸ್ಕೋ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಕಾಂಟ್ರಾಸ್ಟ್ ತಿದ್ದಿ ವಿಮ್ಯಾಫ್ ಅಂಕವನ್ನು ಬೇಕೆಂದೇ ಏರಿಸಬಹುದು ಅಂತ ತೋರಿಸಿದರು. ವಿಡಿಯೋ ಕುಗ್ಗಿಸುವ ವಿಧಾನವಾದ ಎವಿ1 ಕೋಡೆಕ್‌ನ ಉಚಿತ ಎನ್‌ಕೋಡರ್‌ನಲ್ಲಂತೂ, ಮೊದಲು ಶಾರ್ಪ್ ಮಾಡಿ ವಿಮ್ಯಾಫ್ ಹೆಚ್ಚಿಸುವ ಆಯ್ಕೆಯನ್ನೇ ಇಟ್ಟರು.

ಇದನ್ನು ಮೋಸ ಅಂತ ಪೂರ್ತಿ ತಳ್ಳಿಹಾಕುವಂತಿಲ್ಲ. ಸ್ವಲ್ಪ ಶಾರ್ಪ್ ಆದ ಚಿತ್ರ ಹಲವರಿಗೆ ನಿಜಕ್ಕೂ ಇಷ್ಟವಾಗುತ್ತದೆ. ಆದರೆ ಅಳೆಯಬೇಕಿದ್ದದ್ದು ಕುಗ್ಗಿಸಿದಾಗ ಎಷ್ಟು ಹೋಯಿತು ಅಂತ ತಾನೇ? ಛಾಯಾಗ್ರಾಹಕರು ಬೇಕೆಂದೇ ಮೆದುವಾಗಿಟ್ಟ ದೃಶ್ಯವನ್ನು ಯಾರೋ ಚೂಪು ಮಾಡಿ, ಅದಕ್ಕೆ ಜಾಸ್ತಿ ಅಂಕ ಪಡೆಯುವುದು ನನಗೆ ಸರಿ ಕಾಣುವುದಿಲ್ಲ.

2020ರಲ್ಲಿ ನೆಟ್‌ಫ್ಲಿಕ್ಸ್ ಇದಕ್ಕೆ ‘ನೆಗ್’ ಅನ್ನುವ ಮಾದರಿ ತಂದಿತು. ಕಾಂಟ್ರಾಸ್ಟ್ ಎಷ್ಟೇ ಹೆಚ್ಚಾಗಲಿ, ಅದರಿಂದ ಬರುವ ಲಾಭವನ್ನು ಇದು 1ಕ್ಕೇ, ಅಂದರೆ ಮೂಲದ ಮಟ್ಟಕ್ಕೇ ನಿಲ್ಲಿಸುತ್ತದೆ. ಕೋಡೆಕ್‌ಗಳನ್ನು ಹೋಲಿಸುವಾಗ ಇದನ್ನು ಬಳಸಬೇಕು. ಹಳೆಯ ಮಾದರಿಯೂ ಹಾಗೇ ಉಳಿದಿದೆ. 480ಪಿಗೆ ಇಳಿಸಿದ ಫೈಲನ್ನು 1080ಪಿ ಮೂಲದ ಜೊತೆ ಅಳೆಯುವುದಾದರೆ, ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ತಂತ್ರಾಂಶದಲ್ಲಿ ಆಜ್ಞೆ ಹೀಗಿರುತ್ತದೆ:

```
ffmpeg -i chikka.mp4 -i moola.mp4 -lavfi "[0:v]scale=1920:1080:flags=bicubic[a];[a][1:v]libvmaf=model=version=vmaf_v0.6.1neg" -f null -
```

ಕುಗ್ಗಿಸಿದ ಫೈಲ್ ಮೊದಲು, ಮೂಲ ಆಮೇಲೆ. ಅದಲುಬದಲಾದರೂ ಒಂದು ಅಂಕವಂತೂ ಬರುತ್ತದೆ, ಆದರೆ ಅದಕ್ಕೆ ಅರ್ಥವಿಲ್ಲ. ಚಿಕ್ಕದನ್ನು ಹಿಗ್ಗಿಸಿ ಹೋಲಿಸಬೇಕೇ ಹೊರತು ಮೂಲವನ್ನು 480ಪಿಗೆ ಇಳಿಸಬಾರದು. ಇಳಿಸಿದರೆ ಕಳೆದುಹೋದ ವಿವರ ಎರಡು ಕಡೆಯೂ ಇರುವುದಿಲ್ಲ, ಅಂಕ ಸುಳ್ಳೇ ಮೇಲೆ ಹೋಗುತ್ತದೆ. ಕಣ್ಣಿಗೆ ಚೆನ್ನಾಗಿರುವ ವಿಡಿಯೋಗೆ ಅಂಕ ತೀರಾ ಕೆಳಗೆ ಬಂದರೆ, ಅದರಲ್ಲೂ ಓಡಾಟವಿರುವ ದೃಶ್ಯಗಳಲ್ಲೇ ಕುಸಿದರೆ, ಎರಡು ಫೈಲ್‌ಗಳ ಫ್ರೇಮ್‌ಗಳು ಹಿಂದುಮುಂದಾಗಿರಬಹುದು. ಮೊದಲು ಅದನ್ನು ನೋಡಿ.

ಇದೇ ಆಜ್ಞೆಯನ್ನು ಹಳೆಯ ಮಾದರಿ `vmaf_v0.6.1` ಜೊತೆ ಇನ್ನೊಮ್ಮೆ ಓಡಿಸಿ. ಎರಡು ಅಂಕಗಳೂ ಹತ್ತಿರವಿದ್ದರೆ ಎನ್‌ಕೋಡರ್ ಚಿತ್ರವನ್ನು ಹೆಚ್ಚೇನೂ ತಿದ್ದಿಲ್ಲ. ಹಳೆಯದರಲ್ಲಿ ಸಾಕಷ್ಟು ಮೇಲಿದ್ದು, ನೆಗ್‌ನಲ್ಲಿ ಇಳಿದು, ಎಸ್‌ಎಸ್‌ಐಎಂ ಕೂಡ ಕೆಳಗಿದ್ದರೆ, ಎಲ್ಲೋ ಶಾರ್ಪ್ ಮಾಡಿದ್ದಾರೆ ಅಂತಲೇ ಲೆಕ್ಕ. ನಾವು ಶುರುವಿನಲ್ಲಿ ಅಂದುಕೊಂಡ ಮೊದಲನೇ ಎನ್‌ಕೋಡರ್‌ನಲ್ಲಿ ಹುಡುಕಬೇಕಾದದ್ದು ಇದನ್ನೇ.

ನೆಗ್ ಬಂದ ಮೇಲೂ ಒಂದು ಮಿತಿ ಹಾಗೇ ಉಳಿದಿದೆ. ವಿಮ್ಯಾಫ್ ನೋಡುವುದು ಚಿತ್ರದ ಬೆಳಕನ್ನು ಮಾತ್ರ, ಬಣ್ಣವನ್ನಲ್ಲ. ಕುಗ್ಗಿಸುವಾಗ ಬಣ್ಣವೆಲ್ಲ ಹೋಗಿ ಕಪ್ಪು-ಬಿಳುಪು ಉಳಿದರೂ, ಬೆಳಕಿನ ಭಾಗ ಸರಿಯಿದ್ದರೆ ಅದರ ಅಂಕ ಒಂದು ಚೂರೂ ಇಳಿಯುವುದಿಲ್ಲ.