ಷೇರು ಡೊಂಕೋ, ಗೆರೆ ಡೊಂಕೋ?

ಒಂದು ಷೇರಿನ ಬೆಲೆ ಇವತ್ತು 200 ರೂಪಾಯಿ ಅಂದುಕೊಳ್ಳಿ. ವರ್ಷದಲ್ಲಿ 6 ರೂಪಾಯಿ ಡಿವಿಡೆಂಡ್ ಬರುತ್ತದೆ, ವರ್ಷದ ಕೊನೆಗೆ ಬೆಲೆ 215 ಮುಟ್ಟುತ್ತದೆ ಅನ್ನೋದು ನಿಮ್ಮ ಅಂದಾಜು. ಒಟ್ಟು 21 ರೂಪಾಯಿ, ಅಂದರೆ ಶೇ 10.5 ಗಳಿಕೆ. ಈ ಷೇರು ದುಬಾರಿಯೋ, ಅಗ್ಗವೋ?

ಇಷ್ಟರಿಂದಲೇ ಹೇಳಲು ಆಗಲ್ಲ. ಆ ಗಳಿಕೆಗಾಗಿ ಎಷ್ಟು ರಿಸ್ಕ್ ಹೊರುತ್ತಿದ್ದೀರಿ ಅನ್ನೋದು ಗೊತ್ತಾಗಬೇಕು. ಅದಕ್ಕೆ ಅಳತೆಗೋಲಾಗಿ ಬಂದಿದ್ದೇ ಸೆಕ್ಯುರಿಟಿ ಮಾರ್ಕೆಟ್ ಲೈನ್.

ಇದರ ಬೇರು 1952ರಲ್ಲಿದೆ. ಷೇರುಗಳನ್ನು ಒಂದೊಂದಾಗಿ ನೋಡಬೇಡಿ, ಇಡೀ ಗಂಟಾಗಿ ನೋಡಿ ಎಂದು ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ ಆ ವರ್ಷ ತೋರಿಸಿಕೊಟ್ಟರು. 1964ರಲ್ಲಿ ವಿಲಿಯಂ ಶಾರ್ಪ್ ಅದನ್ನು ಮುಂದಕ್ಕೆ ಒಯ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಾನ್ ಲಿಂಟ್ನರ್, ಯಾನ್ ಮೊಸಿನ್ ಕೂಡ ಅದೇ ತೀರ್ಮಾನಕ್ಕೆ ಬಂದಿದ್ದರು. ಈ ಮೂವರಿಗಿಂತ ಮೊದಲೇ ಜಾಕ್ ಟ್ರೇನರ್ ಇದನ್ನು ಬರೆದಿಟ್ಟಿದ್ದರು. ಪಾಪ, ಅವರ ಹಸ್ತಪ್ರತಿ ಅಚ್ಚಾಗಿದ್ದು 1999ರಲ್ಲಿ.

ಇವರು ಹೇಳಿದ್ದು ಇಷ್ಟು: ಹತ್ತಾರು ಷೇರು ಇಟ್ಟುಕೊಂಡರೆ ಒಂದೊಂದು ಕಂಪನಿಯ ಸ್ವಂತ ಏರಿಳಿತ ಕರಗಿಹೋಗುತ್ತದೆ. ಉಳಿಯೋದು ಇಡೀ ಮಾರುಕಟ್ಟೆಯ ಜೊತೆ ಅದು ಎಷ್ಟು ಕುಣಿಯುತ್ತದೆ ಅನ್ನೋದು ಮಾತ್ರ. ಅದೇ ಬೀಟಾ. ಮಾರುಕಟ್ಟೆ ಶೇ 10 ಬಿದ್ದಾಗ ಸರಾಸರಿ ಶೇ 14 ಬೀಳುವ ಷೇರಿನ ಬೀಟಾ 1.4. ಹೂಡಿಕೆದಾರರಿಗೆ ಕೂಲಿ ಸಿಗಬೇಕಾದ್ದು ಈ ರಿಸ್ಕ್‌ಗೆ ಮಾತ್ರ.

ಈಗ ಗೆರೆ ಎಳೆಯೋಣ. ಸರ್ಕಾರಿ ಸಾಲಪತ್ರದಲ್ಲಿ ರಿಸ್ಕ್ ಇಲ್ಲದೆ ಶೇ 7 ಸಿಗುತ್ತದೆ, ಮಾರುಕಟ್ಟೆಯಿಂದ ಶೇ 12 ನಿರೀಕ್ಷೆ ಅನ್ನಿ. ಬೀಟಾ ಸೊನ್ನೆ ಇರುವಲ್ಲಿ 7, ಒಂದು ಇರುವಲ್ಲಿ 12. ಎರಡೂ ಚುಕ್ಕಿ ಸೇರಿಸಿದರೆ ಗೆರೆ ಸಿದ್ಧ. ನಮ್ಮ ಷೇರಿನ ಬೀಟಾ 1.4 ಆದರೆ ಅದು ಕೊಡಬೇಕಾದ್ದು 7 ಕೂಡಿಸು 1.4 ಗುಣಿಸು 5, ಅಂದರೆ ಶೇ 14. ಕೊಡುತ್ತಿರುವುದು 10.5. ಅದರ ಚುಕ್ಕಿ ಗೆರೆಯ ಕೆಳಗೆ ಬಿತ್ತು, ಷೇರು ದುಬಾರಿ. ಡಿವಿಡೆಂಡ್ ಸೇರಿ ವರ್ಷದ ಕೊನೆಗೆ ಕೈಗೆ ಬರುವ 221ನ್ನು 1.14ರಿಂದ ಭಾಗಿಸಿದರೆ ಸರಿಯಾದ ಬೆಲೆ ಸುಮಾರು 194 ರೂಪಾಯಿ. ಅದೇ ಷೇರಿನ ಬೀಟಾ 0.6 ಆಗಿದ್ದರೆ? ಶೇ 10 ಸಾಕಿತ್ತು. ಚುಕ್ಕಿ ಗೆರೆಗಿಂತ ಮೇಲೆ, ಷೇರು ಅಗ್ಗ. ಗೆರೆಗೂ ಚುಕ್ಕಿಗೂ ಇರುವ ಈ ಅಂತರಕ್ಕೆ ಆಲ್ಫಾ ಅನ್ನುತ್ತಾರೆ. 1968ರಲ್ಲಿ ಮೈಕೆಲ್ ಜೆನ್ಸನ್ ಇದೇ ಅಳತೆ ಹಿಡಿದು ಅಮೆರಿಕದ 115 ಮ್ಯೂಚುವಲ್ ಫಂಡ್‌ಗಳನ್ನು ಅಳೆದರು. ಸರಾಸರಿಯಲ್ಲಿ ಅವು ಗೆರೆಯ ಕೆಳಗೇ ಇದ್ದವು.

ಅಲ್ಲಿಯವರೆಗೆ ಹೆಚ್ಚಿನವರು ಚುಕ್ಕಿಗಳನ್ನೇ ಅನುಮಾನಿಸುತ್ತಿದ್ದರು. ಗೆರೆಯ ಮೇಲಿನ ಅನುಮಾನ ಗಟ್ಟಿಯಾಗಿದ್ದು 1972ರಲ್ಲಿ. ಜೆನ್ಸನ್ ಅವರೇ ಫಿಶರ್ ಬ್ಲ್ಯಾಕ್, ಮೈರನ್ ಶೋಲ್ಸ್ ಜೊತೆ ಸೇರಿ ನ್ಯೂಯಾರ್ಕ್ ಷೇರುಪೇಟೆಯ ಹಲವು ದಶಕಗಳ ಲೆಕ್ಕ ತೆಗೆದರು. ಬೀಟಾ ಪ್ರಕಾರ ಷೇರುಗಳನ್ನು ಹತ್ತು ಗುಂಪು ಮಾಡಿದರು. ಕಡಿಮೆ ಬೀಟಾದ ಗುಂಪುಗಳು ಗೆರೆಯ ಮೇಲೆ, ಜಾಸ್ತಿ ಬೀಟಾದವು ಕೆಳಗೆ. ಅಂದರೆ ನಿಜವಾದ ಗೆರೆ ಪುಸ್ತಕದ ಗೆರೆಗಿಂತ ಚಪ್ಪಟೆ. ಬ್ಲ್ಯಾಕ್ ಕೊಟ್ಟ ಕಾರಣ ನನಗಂತೂ ಒಪ್ಪಿಗೆಯಾಗುತ್ತದೆ: ಬೇಕಾದಷ್ಟು ಸಾಲವನ್ನು ಸರ್ಕಾರದ ಬಡ್ಡಿದರದಲ್ಲೇ ತಂದು ಹೂಡಬಹುದು ಎಂದು ಈ ಗೆರೆಯ ಹಿಂದಿನ ಸಿದ್ಧಾಂತ ನಂಬುತ್ತದೆ. ನಮಗೆ ನಿಮಗೆ ಯಾರು ಕೊಡುತ್ತಾರೆ? ಸಾಲ ಸಿಗದವರು ಜಾಸ್ತಿ ಗಳಿಸಬೇಕೆಂದರೆ ಜಾಸ್ತಿ ಬೀಟಾದ ಷೇರುಗಳಿಗೇ ಮುಗಿಬೀಳುತ್ತಾರೆ. ಅವುಗಳ ಬೆಲೆ ಏರುತ್ತದೆ, ಮುಂದಿನ ಗಳಿಕೆ ಇಳಿಯುತ್ತದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು.

1977ರಲ್ಲಿ ರಿಚರ್ಡ್ ರೋಲ್ ಇನ್ನೂ ಕಟುವಾದ ಮಾತು ಹೇಳಿದರು. ಸಿದ್ಧಾಂತದ 'ಮಾರುಕಟ್ಟೆ' ಅಂದರೆ ಮನೆ, ಜಮೀನು, ಚಿನ್ನ ಎಲ್ಲ ಸೇರಿದ ಸಂಪತ್ತು. ನಾವು ಅಳೆಯೋದು ಒಂದು ಷೇರು ಸೂಚ್ಯಂಕವನ್ನು. ಆ ಸೂಚ್ಯಂಕ ತನ್ನ ರಿಸ್ಕ್‌ಗೆ ಸಿಗಬಹುದಾದ ಅತಿ ಹೆಚ್ಚು ಗಳಿಕೆ ಕೊಡುವಂಥದ್ದಾದರೆ ಎಲ್ಲ ಷೇರೂ ಸರಿಯಾಗಿ ಗೆರೆಗೇ ಅಂಟಿ ಕೂರುತ್ತವೆ, ಅದು ಬರೀ ಗಣಿತ. ಕೂರದಿದ್ದರೆ ತಪ್ಪು ಸೂಚ್ಯಂಕದ್ದೂ ಆಗಿರಬಹುದು. ಸೂಚ್ಯಂಕ ಬದಲಿಸಿದರೆ ನಿನ್ನೆ ಅಗ್ಗ ಅನಿಸಿದ ಷೇರು ಇವತ್ತು ದುಬಾರಿ ಅನಿಸಬಹುದು.

ನಮ್ಮ 0.6 ಬೀಟಾದ ಷೇರಿಗೆ ವಾಪಸ್ ಬನ್ನಿ. ಆ ಚಪ್ಪಟೆ ಗೆರೆ 7ರ ಬದಲು 9ರಿಂದ ಶುರುವಾಗುತ್ತದೆ, ಮಾರುಕಟ್ಟೆಯ 12 ಹಾಗೇ ಇದೆ ಅನ್ನಿ. ಆಗ ಅದು ಕೊಡಬೇಕಾದ್ದು 9 ಕೂಡಿಸು 1.8, ಶೇ 10.8. ಕೊಡುತ್ತಿರುವುದು ಅದೇ 10.5. ಅಗ್ಗವಾಗಿದ್ದ ಷೇರು, ಅದೇ 200 ರೂಪಾಯಿಗೆ, ದುಬಾರಿಯಾಯಿತು. 1.4ರ ಷೇರಿಗಾದರೆ ಬೇಕಾದ್ದು 13.2, ಅದು ಎರಡೂ ಗೆರೆಯ ಕೆಳಗೇ ಉಳಿಯುತ್ತದೆ. ಆ ತೀರ್ಪನ್ನು ನಾನು ಸ್ವಲ್ಪ ನಂಬುತ್ತೇನೆ. ಆದರೂ ವರ್ಷದ ಕೊನೆಯ ಬೆಲೆ 215 ಅಲ್ಲ, 223 ಅಂತ ನೀವು ಅಂದಾಜು ಮಾಡಿದ್ದರೆ ಗಳಿಕೆ ಶೇ 14.5, ಅದೂ ಗೆರೆ ದಾಟಿಬಿಡುತ್ತಿತ್ತು.